ಎಳೆಗೂಸಿನ ಕಾಮಾಲೆ: ಅಂಕಿಯ ಜೊತೆಗೆ ಗಂಟೆಯನ್ನೂ ನೋಡಿ

ಹುಟ್ಟಿದ ಎರಡು-ಮೂರನೆಯ ದಿನ ಅನೇಕ ಶಿಶುಗಳ ಮೈ ಹಳದಿಗೆ ತಿರುಗುತ್ತದೆ. ಇದೇಕೆ? ನವಜಾತ ಶಿಶುವಿನಲ್ಲಿ ಕೆಂಪು ರಕ್ತಕಣಗಳು ಹೆಚ್ಚು. ಅವುಗಳ ಆಯುಸ್ಸು ಕಡಿಮೆ. ಅವು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕುವುದು ಯಕೃತ್ತಿನ ಕೆಲಸ. ಎಳೆಗೂಸಿನ ಯಕೃತ್ತು ಈ ಕೆಲಸಕ್ಕೆ ಇನ್ನೂ ಪಳಗಿರುವುದಿಲ್ಲ. ಹೀಗಾಗಿ ಕೆಲವು ದಿನ ಬಿಲಿರುಬಿನ್ ಏರಿ, ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ಮಿತಿಮೀರಿದರೆ ಮಾತ್ರ ಅದು ಮೆದುಳಿಗೆ ಸೇರಿ ಕಿವುಡುತನದಂಥ ಶಾಶ್ವತ ಹಾನಿ ಮಾಡಬಲ್ಲದು.

ಹಗಲು ಬೆಳಕಿನಲ್ಲಿ ಮಗುವಿನ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಹಳದಿ ಕಾಣುತ್ತದೆ. ಆದರೆ ಅದು ಎಷ್ಟಿದೆಯೆಂದು ಕಣ್ಣು ಹೇಳಲಾರದು. ಕಪ್ಪು ಮೈಬಣ್ಣದ ಮಕ್ಕಳಲ್ಲಂತೂ ಸುಲಭವಾಗಿ ಮೋಸಹೋಗಬಹುದು. ಚರ್ಮದ ಮೇಲಿಟ್ಟು ಅಳೆಯುವ ಉಪಕರಣವಿದೆ. ಖಚಿತ ಉತ್ತರ ಕೊಡುವುದು ಹಿಮ್ಮಡಿಯಿಂದ ತೆಗೆದ ರಕ್ತದ ಪರೀಕ್ಷೆ.

ಬಂದ ಅಂಕಿಯನ್ನು ಮಗುವಿನ ವಯಸ್ಸಿನೊಡನೆ, ಅದೂ ಗಂಟೆಗಳ ಲೆಕ್ಕದಲ್ಲಿ, ಹೋಲಿಸಬೇಕು. 38 ವಾರ ತುಂಬಿ ಹುಟ್ಟಿದ ಎರಡು ಶಿಶುಗಳಿವೆಯೆನ್ನಿ. ಇಬ್ಬರಲ್ಲೂ ಬಿಲಿರುಬಿನ್ 100 ಮಿಲಿಲೀಟರಿಗೆ 15 ಮಿಲಿಗ್ರಾಂ. ಒಂದಕ್ಕೆ 30 ಗಂಟೆ, ಇನ್ನೊಂದಕ್ಕೆ 96 ಗಂಟೆ ವಯಸ್ಸು. ಬ್ರಿಟನ್ನಿನ ವೈದ್ಯರು ಬಳಸುವ ನಕ್ಷೆಯಲ್ಲಿ ಚಿಕಿತ್ಸೆಯ ಗೆರೆ 30ನೇ ಗಂಟೆಗೆ ಸುಮಾರು 12, 96ನೇ ಗಂಟೆಗೆ ಸುಮಾರು 20. ಆದ್ದರಿಂದ ಮೊದಲ ಮಗುವಿಗೆ ತಕ್ಷಣ ಚಿಕಿತ್ಸೆ ಬೇಕು; ಇಷ್ಟು ಬೇಗ ಏರಿದ್ದರೆ ತಾಯಿ-ಮಗುವಿನ ರಕ್ತದ ಗುಂಪು ಹೊಂದದಿರುವ ಸಂಶಯವೂ ಇದೆ. ಎರಡನೆಯದಕ್ಕೆ ಹಾಲು ಮತ್ತು ನಿಗಾ ಸಾಕು. ತಿಂಗಳು ತುಂಬದ ಮಗುವಿಗೆ ಈ ಗೆರೆ ಇನ್ನೂ ಕೆಳಗಿರುತ್ತದೆ.

ಚಿಕಿತ್ಸೆಯೆಂದರೆ ನೀಲಿ ಬೆಳಕು. ಕಣ್ಣಿಗೆ ಪಟ್ಟಿ ಕಟ್ಟಿ, ಮೈಗೆ ಆದಷ್ಟು ಬೆಳಕು ತಾಗುವಂತೆ ಮಲಗಿಸುತ್ತಾರೆ. ಬೆಳಕು ಬಿಲಿರುಬಿನ್ ಅಣುವಿನ ಆಕಾರ ಬದಲಿಸುವುದರಿಂದ ಅದು ಯಕೃತ್ತಿನ ಸಂಸ್ಕರಣೆಯಿಲ್ಲದೆಯೇ ಹೊರಹೋಗುತ್ತದೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಜೀನ್ ವಾರ್ಡ್, ಬಿಸಿಲು ತಾಗಿದ ಕಡೆ ಮಗುವಿನ ಹಳದಿ ಮಾಸಿದ್ದನ್ನು ತೋರಿಸಿದ್ದೇ ಈ ಚಿಕಿತ್ಸೆಗೆ ನಾಂದಿ. ಹಾಗೆಂದು ಮನೆಯ ಎಳೆಬಿಸಿಲು ಇದಕ್ಕೆ ಬದಲಿಯಲ್ಲ. ಅದರಲ್ಲಿ ಬೇಕಾದ ಬೆಳಕು ಎಷ್ಟು ಸಿಕ್ಕಿತೆಂಬ ಲೆಕ್ಕವಿಲ್ಲ. ಬತ್ತಲೆ ಮಗುವಿಗೆ ಶೀತವಾಗಬಹುದು, ಚರ್ಮ ಸುಡಬಹುದು.

ಮನೆಯವರು ಮಾಡಬಹುದಾದ ದೊಡ್ಡ ಕೆಲಸ ಎದೆಹಾಲು ಕುಡಿಸುವುದು: ದಿನಕ್ಕೆ 8ರಿಂದ 12 ಸಲ. ಬಿಲಿರುಬಿನ್ ಹೆಚ್ಚಾಗಿ ಮಲದ ಮೂಲಕ ಹೊರಹೋಗುತ್ತದೆ. ಹಾಲು ಕಡಿಮೆಯಾಗಿ ಮಲ ತಡವಾದರೆ ಕರುಳಿನಿಂದ ಮತ್ತೆ ರಕ್ತಕ್ಕೆ ಸೇರುತ್ತದೆ. ಗ್ಲೂಕೋಸ್ ನೀರು ಕುಡಿಸಿದರೆ ಹೊಟ್ಟೆ ತುಂಬಿ ಹಾಲು ತಪ್ಪುತ್ತದೆ, ಅಷ್ಟೇ.

ಮೊದಲ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ-ಅಂಗಾಲು ಹಳದಿಯಾದರೆ, ಮಗು ಮಂಕಾಗಿ ಹಾಲು ಬಿಟ್ಟರೆ, ಕೀರಲು ದನಿಯಲ್ಲಿ ಅತ್ತರೆ, ಬೆನ್ನು ಬಿಲ್ಲಿನಂತೆ ಬಾಗಿಸಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎರಡು ವಾರ ಕಳೆದರೂ ಹಳದಿ ಹೋಗದಿದ್ದರೆ, ಅಥವಾ ಮಲ ಸುಣ್ಣದಂತೆ ಬೆಳ್ಳಗಿದ್ದರೆ, ಪಿತ್ತನಾಳದ ತೊಂದರೆ ಇದೆಯೇ ಎಂದು ತಡಮಾಡದೆ ಪರೀಕ್ಷಿಸಬೇಕು.