ಮಳವಳ್ಳಿ ಕಲ್ಲಿನ 'ಅರ್ಥವಿಲ್ಲದ ಗೀರು' ಅಸಲಿಗೆ ಜಮೀನಿನ ಆದೇಶ

ಶಿಕಾರಿಪುರ, ಸೊರಬ ಕಡೆ ಹೊಲದಲ್ಲೋ ಕೆರೆ ಏರಿ ಮೇಲೋ ಅಕ್ಷರ ಕೊರೆದ ಹಳೇ ಕಲ್ಲು ಕಂಡರೆ ಎರಡೇ ಮಾತು ಕೇಳಿಬರೋದು. ಒಂದು, 'ಕೋಳಿ ಕೆದಕಿದಂಗೆ ಇದೆ, ಏನೂ ಅರ್ಥ ಇಲ್ಲ.' ಇನ್ನೊಂದು, 'ಅರ್ಥ ಆಗಲ್ಲ ಅಂದರೆ ಅಡಿಯಲ್ಲಿ ನಿಧಿ ಇರಬೇಕು.' ಮೊದಲನೇ ಮಾತಿನಿಂದ ಕಲ್ಲು ಬಟ್ಟೆ ಒಗೆಯೋಕೆ ಹೋಗುತ್ತೆ. ಎರಡನೇ ಮಾತಿನಿಂದ ರಾತ್ರೋರಾತ್ರಿ ಬುಡ ಅಗೆದು ಉರುಳುತ್ತೆ. ಎರಡೂ ತಪ್ಪು ಅನ್ನೋದಕ್ಕೆ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬಕ್ಕಿಂತ ಒಳ್ಳೇ ಸಾಕ್ಷಿ ಬೇಕಿಲ್ಲ. (ಮಂಡ್ಯದ ಮಳವಳ್ಳಿ ಅಲ್ಲ, ತಾಳಗುಂದದ ಹತ್ತಿರದ್ದು.)

ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' 7ನೇ ಸಂಪುಟದಲ್ಲಿ ಈ ಕಂಬದ ಎರಡು ಬರಹಗಳಿಗೆ ಶಿಕಾರಿಪುರ 263, 264 ಅಂತ ನಂಬರ್ ಕೊಟ್ಟಿದ್ದಾರೆ. ಕನ್ನಡ ಚೆನ್ನಾಗಿ ಓದೋರಿಗೂ ಇದು ಓದೋಕೆ ಬರಲ್ಲ. ಅದಕ್ಕೆ ಕಾರಣ ಒಂದಲ್ಲ, ಎರಡು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಲಿಪಿ ಬಲ್ಲವರು ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳಿದರೂ ಭಾಷೆ ತಿಳಿಯದವನಿಗೆ ಅದು ಮತ್ತೆ ಗೊಣಗಾಟವೇ.

ಆದರೂ ಕಿವಿಗೊಟ್ಟರೆ ಕೆಲವು ಹೆಸರು ಗುರುತು ಸಿಗುತ್ತವೆ. 'ವೇಜಯಂತಿಪುರ' ಅಂದರೆ ವೈಜಯಂತಿಪುರ, ಈಗಿನ ಬನವಾಸಿ. 'ಸಾತಕಣ್ಣಿ' ಅಂದರೆ ಶಾತಕರ್ಣಿ ಅನ್ನೋ ರಾಜ. 'ಮಳಪಳಿ' ದೇವರು ಅಂತ ಬರುತ್ತೆ. ಅದೇ ನಮ್ಮ ಮಳವಳ್ಳಿ. ಊರಿನ ಹೆಸರು ಸಾವಿರದ ಆರುನೂರು ವರ್ಷಕ್ಕೂ ಹಿಂದೆ ಹೆಚ್ಚುಕಡಿಮೆ ಹೀಗೇ ಇತ್ತು.

ಮೇಲಿನ ಬರಹದಲ್ಲಿರೋದು ಮಂತ್ರವಲ್ಲ, ಸರ್ಕಾರಿ ಆದೇಶ. ಬನವಾಸಿಯ ರಾಜ 'ರಜ್ಜುಕ' ಅನ್ನೋ ಅಧಿಕಾರಿಗೆ, ಮಳಪಳಿ ದೇವರ ಸೇವೆಗೆಂದು ಒಂದು ಗ್ರಾಮವನ್ನು ಕೌಂಡಿನ್ಯ ಗೋತ್ರದ ಬ್ರಾಹ್ಮಣನಿಗೆ ಬಿಟ್ಟುಕೊಡು ಅಂತ ಅಪ್ಪಣೆ ಮಾಡ್ತಾನೆ. ರಜ್ಜು ಅಂದರೆ ಹಗ್ಗ. ಹಗ್ಗ ಹಿಡಿದು ಜಮೀನು ಅಳೆಯೋ ಕೆಲಸದಿಂದ ಆ ಹುದ್ದೆಗೆ ಈ ಹೆಸರು ಬಂತು ಅಂತ ವಿದ್ವಾಂಸರು ಹೇಳ್ತಾರೆ. ನಮ್ಮ ಸರ್ವೇಯರ್ ಮೊನ್ನೆ ಮೊನ್ನೆವರೆಗೆ ಸರಪಳಿ ಹಿಡಿದು ಬರ್ತಿದ್ದ, ಅಷ್ಟೇ ವ್ಯತ್ಯಾಸ.

ಎರಡನೇ ಬರಹ ಇನ್ನೂ ಸ್ವಾರಸ್ಯ. ರಾಜ್ಯ ಕೈ ಬದಲಾಗಿದೆ, ಈಗ ಆಳೋನು ಕದಂಬ. ಹಿಂದಿನ ದತ್ತಿ ನಿಂತುಹೋಗಿತ್ತು ಅಂತ ಗೊತ್ತಾಗಿ, ಅದೇ ದೇವರಿಗಾಗಿ ಹೊಸದಾಗಿ ಮತ್ತೆ ಕೊಡ್ತಾನೆ. ಈಗಿನ ಭಾಷೇಲಿ ಹೇಳೋದಾದರೆ ಹಳೇ ದಾಖಲೆ ನೋಡಿ ಖಾತೆ ಮತ್ತೆ ಮಾಡಿಕೊಟ್ಟ. ಹಳೇ ಆದೇಶವಿದ್ದ ಕಂಬದ ಮೇಲೇ ಹೊಸದನ್ನೂ ಕೊರೆಸಿದ್ದರಿಂದ ಎರಡೂ ಒಟ್ಟಿಗೆ ಉಳಿದವು. ಮಧ್ಯೆ ಯಾರಾದರೂ ಇದನ್ನು ಗೀರು ಅಂತ ಒಡೆದಿದ್ದರೆ ಈ ಕಥೆಯೇ ಇಲ್ಲ.

ಓದೋಕೆ ಬಾರದ್ದಕ್ಕೆ ಕಥೆ ಕಟ್ಟೋದು ನಮ್ಮ ಊರಿನ ಚಾಳಿ ಮಾತ್ರವಲ್ಲ. ಫಿರೋಜ್ ಷಾ ತುಘಲಕ್ ದಿಲ್ಲಿಗೆ ಸಾಗಿಸಿದ ಅಶೋಕನ ಕಂಬವನ್ನು ಆಗಿನ ಪಂಡಿತರಿಗೂ ಓದೋಕಾಗಲಿಲ್ಲ. ಮುಂದೆ ಬಂದ ಇಂಗ್ಲಿಷ್ ಪ್ರವಾಸಿಯೊಬ್ಬ ಅದು ಗ್ರೀಕ್ ಅಂದ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟು ಬಿಡಿಸಿದ ಮೇಲೇ ಅದು ಅಶೋಕನ ಮಾತು ಅನ್ನೋದು ಹೊರಬಂತು.

ಇನ್ನು ನಿಧಿ ವಿಷಯ. ಸೊರಬ ಕಡೆಯ ನಂತರದ ಕಾಲದ ಶಾಸನಗಳ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಹಸು-ಕರು ಇರುತ್ತವೆ. ಅಗೆಯೋರು ನಂಬೋದು ಇವನ್ನೇ. ಆದರೆ ಸೂರ್ಯ ಚಂದ್ರರ ಅರ್ಥ, ಅವರು ಇರೋವರೆಗೂ ಈ ದಾನ ನಡೀಲಿ ಅಂತ. ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಹಸು ಕೊಂದ ಪಾಪ ಅಂತ ಎಷ್ಟೋ ಕಲ್ಲುಗಳು ಕೊನೇಲಿ ಶಾಪವನ್ನೂ ಹಾಕ್ತವೆ. ಹೀಗೆ ಊರಿಗೆಲ್ಲ ಕಾಣೋ ಹಾಗೆ ನಿಲ್ಲಿಸಿದ ದಾನದ ಕಲ್ಲಿನಲ್ಲಿ ಹೂತ ಹೊನ್ನಿನ ಗುಟ್ಟು ಬರೆಯೋರು ಯಾರು?

ಹಾಗಾದರೆ ಕಲ್ಲಿನ ಮೇಲಿರೋದು ಬರಹವೋ ನೇಗಿಲು ತಾಗಿದ ಗೀರೋ, ತಿಳಿಯೋದು ಹೇಗೆ? ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳೋವಾಗ ನೋಡಬೇಕು. ಗುರುತುಗಳು ಸಾಲು ಹಿಡಿದಿದ್ದರೆ, ಎತ್ತರ ಹೆಚ್ಚುಕಡಿಮೆ ಒಂದೇ ಇದ್ದರೆ, ಒಂದೇ ಆಕಾರ ಬೇರೆ ಬೇರೆ ಕಡೆ ಮತ್ತೆ ಬರ್ತಿದ್ದರೆ ಅದು ಬರಹ. ಗೀರು ಹಾಗೆ ಸಾಲು ಹಿಡಿಯಲ್ಲ. ಓದೋಕೆ ಸುಲಭ ಆಗಲಿ ಅಂತ ಸುಣ್ಣ, ಬಣ್ಣ ತುಂಬೋದು, ತಂತಿ ಬ್ರಷ್‌ನಿಂದ ಉಜ್ಜೋದು ಬೇಡ. ಸವೆದ ಅಕ್ಷರದ ಅಂಚು ಅಲ್ಲಿಗೆ ಮುಗೀತು. ಬಲ್ಲವರು ಬಂದು ಒದ್ದೆ ಕಾಗದ ಹಚ್ಚಿ, ಬ್ರಷ್‌ನಲ್ಲಿ ತಟ್ಟಿ, ಮಸಿ ಒತ್ತಿ ಅಚ್ಚು ತೆಗೀತಾರೆ. ಅಲ್ಲೀವರೆಗೆ ಕಲ್ಲು ಇದ್ದಲ್ಲೇ ಇರಲಿ. ಅದು ಯಾವ ಜಾಗದಲ್ಲಿ ನಿಂತಿದೆ ಅನ್ನೋದೂ ಅದರ ಮಾತಿನ ಒಂದು ಭಾಗವೇ. ಫೋಟೊ ತೆಗೆದು ಪುರಾತತ್ವ ಇಲಾಖೆಗೋ ತಹಶೀಲ್ದಾರ್ ಕಚೇರಿಗೋ ಮುಟ್ಟಿಸಿದರೆ ಸಾಕು.