ಅಂಗಳ ಲೆವೆಲ್ ಇದ್ದರೆ ಗೋಡೆ ನೀರು ಕುಡಿಯುತ್ತೆ

ನಮ್ಮ ಕಡೆ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದವರು, ಇಂಟರ್‌ಲಾಕ್ ಹಾಕಿಸಿದವರು ಹೆಮ್ಮೆಯಿಂದ ಹೇಳೋ ಮಾತು ಒಂದೇ. "ಲೆವೆಲ್ ನೋಡಿ, ಗೋಲಿ ಇಟ್ರೂ ಉರುಳಲ್ಲ." ಮೇಸ್ತ್ರಿಗೂ ಅದೇ ಹೆಮ್ಮೆ. ನನ್ನ ಅಭಿಪ್ರಾಯ ಬೇರೆ. ಗೋಲಿ ಉರುಳದ ಅಂಗಳದಲ್ಲಿ ನೀರೂ ಉರುಳಲ್ಲ. ಮಲೆನಾಡಿನ ಮಳೆಗೆ ಅಂಥ ಅಂಗಳ ಮನೆಗೆ ಶತ್ರು. ಗೋಡೆ ತೇವಕ್ಕೆ ಡಬ್ಬಿಗಟ್ಟಲೆ ಕೆಮಿಕಲ್ ಹಚ್ಚಿಸೋ ಮೊದಲು ಎಲ್ಲರೂ ಒಂದು ಸಲ ಲೆವೆಲ್ ಪೈಪು ಹಿಡಿದು ಅಂಗಳ ಅಳೀಬೇಕು ಅನ್ನೋದು ನನ್ನ ವಾದ.

ಹಿಂದೆ ಮಣ್ಣಿನ ಅಂಗಳ ಇದ್ದಾಗ ಈ ತಾಪತ್ರಯ ಇಷ್ಟಿರಲಿಲ್ಲ. ಹಳಬರು ಜಾಣರು ಅಂತ ಹೊಗಳಿ ಕೈತೊಳೆದುಕೊಳ್ಳೋದು ಬೇಡ, ಕಾರಣ ಸರಳ. ಮಳೆಗಾಲ ಮುಗಿದು ಅಡಕೆ ಕೊಯ್ಲು ಶುರುವಾಗೋ ಮೊದಲು ಪ್ರತಿ ವರ್ಷ ಅಂಗಳ ಮಾಡ್ತಿದ್ರು. ಮಣ್ಣು ಕೆತ್ತಿ, ತಗ್ಗು ತುಂಬಿ, ಬಡಿದು, ಸಗಣಿ ಸಾರಿಸೋದು. ಹಿಂದಿನ ಮಳೇಲಿ ಎಲ್ಲಿ ನೀರು ನಿಂತಿತ್ತು ಅನ್ನೋದು ಕಣ್ಣಲ್ಲೇ ಇರ್ತಿತ್ತು, ಅಲ್ಲಿಗೆ ಎರಡು ಬುಟ್ಟಿ ಮಣ್ಣು ಹೆಚ್ಚು ಬೀಳ್ತಿತ್ತು. ಅಂದ್ರೆ ವಾಟ ವರ್ಷಕ್ಕೊಮ್ಮೆ ರಿಪೇರಿ ಆಗ್ತಿತ್ತು. ಕಾಂಕ್ರೀಟ್ ಹಾಕಿದ ದಿನ ಆ ರಿಪೇರಿ ನಿಂತುಹೋಯ್ತು. ಅವತ್ತು ಇದ್ದ ತಪ್ಪು ಮೂವತ್ತು ವರ್ಷಕ್ಕೆ ಗಟ್ಟಿಯಾಯ್ತು.

ಇನ್ನೊಂದು ಪೆಟ್ಟು ಪಂಚಾಂಗಕ್ಕೆ. ನಮ್ಮೂರಲ್ಲೇ ಇರೋ ಭಾವನ ಮನೆ ಉದಾಹರಣೆ ಕೊಡ್ತೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ಮನೆ ಕಟ್ಟಿದಾಗ ಅಂಗಳದಿಂದ ಒಳಗಿನ ನೆಲ ಎರಡು ಅಡಿ ಎತ್ತರ, ಇಪ್ಪತ್ತನಾಲ್ಕು ಇಂಚು. ವರ್ಷ ವರ್ಷ ಅಂಗಳ ಮಾಡುವಾಗ ಸೇರಿದ ಮಣ್ಣು ನಾಲ್ಕು ಇಂಚು ತಿಂತು. ಆಮೇಲೆ ಕಾಂಕ್ರೀಟ್ ನಾಲ್ಕು ಇಂಚು. ಅದು ಅಲ್ಲಲ್ಲಿ ಬಿರುಕು ಬಿಟ್ಟು ಚೆಂದ ಕಾಣಲ್ಲ ಅಂತ ಅದರ ಮೇಲೇ ಡಸ್ಟ್ ಹಾಸಿ ಇಂಟರ್‌ಲಾಕ್, ಅಲ್ಲಿಗೆ ಮತ್ತೆ ನಾಲ್ಕು ಇಂಚು. ಉಳಿದದ್ದು ಹನ್ನೆರಡು. ಯಾರೂ ಪಂಚಾಂಗ ಇಳಿಸಲಿಲ್ಲ, ನೆಲವೇ ಮೇಲೆ ಬಂತು. ಮಾಡಿನ ನೀರು ಬಿದ್ದು ಚಿಮ್ಮೋದು ಒಂದು ಅಡಿಗೂ ಮೇಲೆ. ಹಾಗಾಗಿ ಮೊದಲು ಪಂಚಾಂಗದ ಕಲ್ಲಿಗೆ ಹೊಡೀತಿದ್ದ ಕೆಸರು ನೀರು ಈಗ ಗೋಡೆಗೇ ಹೊಡೀತಿತ್ತು.

ಆದರೆ ಅವರ ಮನೇಲಿ ಇದಕ್ಕಿಂತ ದೊಡ್ಡ ತೊಂದರೆ ಕಾಣದ ಕಡೆ ಇತ್ತು. ಅಡಕೆ ಚೀಲ ಇಡೋ ಕೋಣೆ ಅಂಗಳದ ಬದಿಗೇ ಇದೆ. ಇಂಟರ್‌ಲಾಕ್ ಹಾಕಿಸಿದ ವರ್ಷವೇ ಆ ಕೋಣೆಯ ಗೋಡೆಗೆ ಒಂದೂವರೆ ಅಡಿವರೆಗೆ ತೇವ ಏರಿತು. ಬಣ್ಣ ಉಬ್ಬಿ ಚಕ್ಕೆ ಬಿತ್ತು, ಹಿಂದೆ ಬಿಳಿ ಉಪ್ಪಿನ ಪುಡಿ. ಗೋಡೆಗೆ ಒರಗಿಸಿಟ್ಟ ನಾಲ್ಕು ಚೀಲ ಅಡಕೆಗೆ ಬೂಸಲು ಹಿಡೀತು. ಗೋಡೆ ಕೆತ್ತಿಸಿ, ವಾಟರ್‌ಪ್ರೂಫ್ ಪುಟ್ಟಿ ಹಾಕಿಸಿ, ಬಣ್ಣ ಹೊಡೆಸಿದರು. ಮುಂದಿನ ಮಳೆಗೆ ಪುಟ್ಟಿ ಸಮೇತ ಉದುರಿತು. ಒಳಗಿಂದ ಹಚ್ಚಿದ ಪುಟ್ಟಿ ಹೊರಗಿಂದ ಬರೋ ನೀರನ್ನ ತಡೆಯಲ್ಲ ಮಾರಾಯ್ರೆ, ಹೊರಬರೋ ದಾರಿ ಮುಚ್ಚುತ್ತೆ, ತೇವ ಇನ್ನೂ ಮೇಲೆ ಹತ್ತುತ್ತೆ.

ನಾನು ನೋಡಲು ಹೋದಾಗ ಭಾವ ಹೇಳಿದ್ದು, "ಅಂಗಳದಲ್ಲಿ ಒಂದು ಹನಿ ನೀರು ನಿಲ್ಲಲ್ಲ, ನೀನೇ ನೋಡು." ನಿಜ, ಮೇಲೆ ಒಣಗಿತ್ತು. ಮಳೆ ಬಿಟ್ಟು ನಾಲ್ಕು ದಿನ ಆಗಿತ್ತು. ಗೋಡೆ ಬುಡದ ಎರಡು ಬ್ಲಾಕ್ ಎಬ್ಬಿಸಿದೆವು. ಕೆಳಗಿನ ಡಸ್ಟ್ ಕೆಸರಾಗಿತ್ತು, ಹಿಡಿ ಹಿಂಡಿದರೆ ನೀರು ಬರ್ತಿತ್ತು.

ಇಂಟರ್‌ಲಾಕ್ ಅಂದ್ರೆ ನೀರು ಬಿಡದ ಹಾಸು ಅಲ್ಲ. ಸಂದಿಗಳಲ್ಲಿ ನೀರು ಇಳಿಯುತ್ತೆ, ಇಳಿದು ಕೆಳಗಿನ ಗಟ್ಟಿ ಪದರದ ಮೇಲೆ ನಿಲ್ಲುತ್ತೆ. ಇಲ್ಲಿ ಆ ಪದರ ಹಳೇ ಕಾಂಕ್ರೀಟು. ಅಂಗಳದ ನಡುವಿಗಿಂತ ಗೋಡೆ ಬುಡದಲ್ಲಿ ಅದು ಒಂದು ಇಂಚು ತಗ್ಗು, ಯಾಕಂದ್ರೆ ಪಂಚಾಂಗ ಕಟ್ಟಲು ತೋಡಿದ ಗುಂಡಿಗೆ ತುಂಬಿದ ಮಣ್ಣು ಕಾಲಕ್ರಮೇಣ ಕುಸಿದಿತ್ತು. ಹೊಸ ಮನೆ ಕಟ್ಟೋರು ಇದನ್ನ ಗಮನಿಸಬೇಕು, ಗೋಡೆ ಪಕ್ಕದ ಎರಡು ಮೂರು ಅಡಿ ಯಾವಾಗಲೂ ತುಂಬಿದ ಮಣ್ಣೇ, ಅದು ಕೂರದೆ ಇರಲ್ಲ. ಮೇಸ್ತ್ರಿ ಮೇಲಿನ ಬ್ಲಾಕನ್ನ ಡಸ್ಟ್ ಹೆಚ್ಚು ಕಮ್ಮಿ ಮಾಡಿ ಲೆವೆಲ್ ಮಾಡಿದ್ದರು. ಕೆಳಗಿನ ತಟ್ಟೆ ಮಾತ್ರ ಗೋಡೆ ಕಡೆಗೇ ಓರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ನೀರಲ್ಲಿ ಕಾಲಿಟ್ಟು ನಿಂತ ಹಾಗೆ.

ಅಳೆದದ್ದು ನಲವತ್ತು ಅಡಿ ಲೆವೆಲ್ ಪೈಪಿನಲ್ಲಿ. ಪೈಪಿನೊಳಗೆ ಒಂದೂ ಗಾಳಿಗುಳ್ಳೆ ಇರಬಾರದು, ಎರಡೂ ತುದಿ ತೆರೆದಿರಬೇಕು, ಅಷ್ಟೇ. ಮನೆ ಒಳಗಿನ ನೆಲದ ಮಟ್ಟವನ್ನ ಗೋಡೆ ಮೇಲೆ ಗುರುತು ಹಾಕಿಕೊಂಡು, ಅಲ್ಲಿಂದ ಅಂಗಳದ ಎಲ್ಲಾ ಕಡೆ ಎಷ್ಟು ಕೆಳಗಿದೆ ಅಂತ ಬರೆದುಕೊಂಡೆವು. ಎಲ್ಲಾ ಲೆಕ್ಕ ಒಳಗಿನ ನೆಲದಿಂದಲೇ ಇಟ್ಟುಕೊಂಡರೆ ಗೊಂದಲ ಆಗಲ್ಲ.

ವಾಟ ಎಷ್ಟು ಬೇಕು? ಕಾಂಕ್ರೀಟು, ಇಂಟರ್‌ಲಾಕ್ ಆದರೆ ಅಡಿಗೆ ಕಾಲು ಇಂಚು. ಬರೀ ಮಣ್ಣಾದರೆ ಗೋಡೆಯಿಂದ ಮೊದಲ ಹತ್ತು ಅಡಿಗೆ ಆರು ಇಂಚು, ಯಾಕಂದ್ರೆ ಮಣ್ಣು ತಡೆದು ತಡೆದು ನೀರು ಬಿಡುತ್ತೆ, ಮೇಲೆ ಕೂರುತ್ತೆ ಕೂಡ. ಭಾವನ ಅಂಗಳ ಗೋಡೆಯಿಂದ ಹೊರಕ್ಕೆ ಇಪ್ಪತ್ತನಾಲ್ಕು ಅಡಿ, ಉದ್ದ ಮೂವತ್ತು. ಪೂರ್ತಿ ಹೊರಕ್ಕೆ ವಾಟ ಕೊಡೋದಾದರೆ ಆರು ಇಂಚು ಬೇಕು. ಆದರೆ ಹೊರತುದಿಯಲ್ಲಿ ರಸ್ತೆ ಇದೆ, ಅದು ಅಂಗಳದಷ್ಟೇ ಎತ್ತರ. ಹೊರಗೆ ತಗ್ಗಿಸಿದರೆ ರಸ್ತೆ ನೀರೂ ಒಳಗೆ ಬರುತ್ತೆ. ಬದಿಯ ಮೂಲೆಯಲ್ಲಿ ಮಾತ್ರ ತೋಟದ ಕಡೆ ಮೂರು ಅಡಿ ಇಳಿಜಾರು ಸಿಗ್ತಿತ್ತು.

ಹಾಗಾಗಿ ಅಂಗಳ ಪೂರ್ತಿ ಕೀಳಲಿಲ್ಲ. ಗೋಡೆಯಿಂದ ಹತ್ತು ಅಡಿ ಅಗಲ ಮಾತ್ರ ಬ್ಲಾಕ್ ಎಬ್ಬಿಸಿ, ಕೆಳಗಿನ ಕಾಂಕ್ರೀಟನ್ನೂ ಒಡೆಸಿದೆವು. ಇದಕ್ಕೆ ಭಾವ ಸುಲಭಕ್ಕೆ ಒಪ್ಪಲಿಲ್ಲ, ಮೇಲಿಂದಲೇ ಸರಿಮಾಡಬಹುದಲ್ಲ ಅಂದರು. ಕೆಳಗಿನ ತಟ್ಟೆ ಓರೆ ಇರೋವರೆಗೆ ಮೇಲೆ ಏನು ಮಾಡಿದರೂ ವ್ಯರ್ಥ. ಕೆಂಪು ಜೇಡಿ ಮಣ್ಣು ತಂದು ನಾಲ್ಕು ನಾಲ್ಕು ಇಂಚು ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಹೊಡೆಸಿದ್ದಾಯ್ತು. ಗೋಡೆ ಬುಡಕ್ಕೆ ಮರಳು, ಕಟ್ಟಡದ ಕಸ ತುಂಬಬೇಡಿ, ಅದು ಗೋಡೆ ಪಕ್ಕ ಬಾವಿ ತೋಡಿದಂಗೆ. ಮಣ್ಣಿಗೇ ಮೊದಲು ಹತ್ತು ಅಡಿಗೆ ಎರಡೂವರೆ ಇಂಚು ವಾಟ ಕೊಟ್ಟು, ಅದರ ಮೇಲೆ ಒಂದೇ ದಪ್ಪದ ಡಸ್ಟ್ ಹಾಸಿ ಅದೇ ಬ್ಲಾಕ್ ವಾಪಸ್ ಕೂರಿಸಿದೆವು.

ಹತ್ತನೇ ಅಡಿಯಲ್ಲಿ ಗೋಡೆಗೆ ಸಮವಾಗಿ ತೆರೆದ ಕಾಲುವೆ. ಹತ್ತು ಅಡಿಗೆ ಒಂದು ಇಂಚು ಇಳಿಕೆ, ಮೂವತ್ತು ಅಡಿಗೆ ಮೂರು ಇಂಚು, ತೋಟದ ಮೂಲೆಗೆ ಬಿಟ್ಟಿದ್ದು. ಕಾಲುವೆಯ ತಳ ಡಸ್ಟ್ ಪದರಕ್ಕಿಂತ ಎರಡು ಇಂಚು ಕೆಳಗಿದೆ, ಪಕ್ಕದ ಅಂಚಿನಲ್ಲಿ ಅಲ್ಲಲ್ಲಿ ಸಂದಿ ಬಿಟ್ಟಿದೆ. ಹೊರಗಿನ ಹದಿನಾಲ್ಕು ಅಡಿಯ ಕೆಳಗೆ ಹಳೇ ಕಾಂಕ್ರೀಟು ಹಾಗೇ ಇದೆ, ಅದರ ಮೇಲೆ ನುಸುಳಿ ಬರೋ ನೀರು ಗೋಡೆ ಮುಟ್ಟೋ ಮೊದಲು ಈ ಸಂದಿಯಲ್ಲಿ ಕಾಲುವೆಗೆ ಬೀಳಲಿ ಅಂತ. ಕಾಲುವೆಗೆ ಚಪ್ಪಡಿ ಮುಚ್ಚೋದು, ಪೈಪು ಹೂಳೋದು ನನಗೆ ಇಷ್ಟ ಇಲ್ಲ. ಎಲೆ, ಅಡಕೆ ಸಿಪ್ಪೆ ಕಟ್ಟಿಕೊಂಡದ್ದು ಕಾಣದಿದ್ದರೆ ಯಾರೂ ತೆಗೆಯಲ್ಲ.

ಮಾಡಿನ ನೀರಿನ ಲೆಕ್ಕವನ್ನೂ ಹಾಕಿದೆವು. ಅಂಗಳದ ಕಡೆಯ ಮಾಡು ಸುಮಾರು ಐನೂರು ಚದರಡಿ. ಒಂದು ಇಂಚು ಮಳೆ ಬಂದರೆ ಅಷ್ಟರಿಂದಲೇ ಸುಮಾರು ಸಾವಿರದ ಇನ್ನೂರು ಲೀಟರ್, ಅದೂ ಗೋಡೆಯಿಂದ ಮೂರು ಅಡಿ ದೂರದ ಒಂದೇ ಗೆರೆ ಮೇಲೆ. ಅಲ್ಲಿಗೆ ದಂಬೆ ಕಟ್ಟಿ ನೀರನ್ನ ನೇರ ಕಾಲುವೆಗೆ ಬಿಟ್ಟರು. ಚಿಮ್ಮೋದು ಅರ್ಧಕ್ಕರ್ಧ ಕಮ್ಮಿಯಾಯ್ತು.

"ವಾಟ ಇದ್ದರೆ ಅಡಕೆ ಹರವೋದು ಹೆಂಗೆ?" ಅಂತ ಕೇಳ್ತೀರಿ. ಅಡಿಗೆ ಕಾಲು ಇಂಚಿನಲ್ಲಿ ಅಡಕೆ ಎಲ್ಲಿಗೂ ಉರುಳಿ ಹೋಗಲ್ಲ. ಕಾಲುವೆ ಅಂಚಿಗೆ ಒಂದು ಅಡಕೆ ದಬ್ಬೆ ಅಡ್ಡ ಇಟ್ಟರೆ ಸಾಕು. ನವೆಂಬರ್‌ನಲ್ಲಿ ಅಕಾಲ ಮಳೆ ಬಂದಾಗ ಲೆವೆಲ್ ಅಂಗಳದವರು ಪೊರಕೆ ಹಿಡಿದು ನೀರು ದಬ್ಬುತಾ ಇರ್ತಾರೆ, ಭಾವನ ಅಂಗಳ ಬಿಸಿಲು ಏರೋದರೊಳಗೆ ಹರವಲು ತಯಾರು.

ಕೆಲಸ ಮಾಡಿದ್ದು ಮಾರ್ಚ್‌ನಲ್ಲಿ. ಆ ಮಳೆಗಾಲ ಗೋಡೆ ಬುಡದಲ್ಲಿ ಪಾಚಿ ಹಿಡಿಯಲಿಲ್ಲ. ಆದರೂ ಗೋಡೆ ಪೂರ್ತಿ ಒಣಗಲು ಮುಂದಿನ ಫೆಬ್ರವರಿ ಬಂತು. ಕುಡಿದ ನೀರು ಬಿಡಲು ಗೋಡೆಗೆ ಟೈಮ್ ಬೇಕು, ಅಲ್ಲಿವರೆಗೆ ಬಣ್ಣ ಹೊಡೆಸಬೇಡಿ ಅಂದಿದ್ದೆ. ಉಪ್ಪನ್ನ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೀತಿದ್ದರು, ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಹೋಗುತ್ತೆ.

ಆದರೆ ಮನೆ ಹಿಂದಿನ ಗೋಡೆ ಇನ್ನೂ ತೇವವೇ. ಅಲ್ಲಿ ವಾಟ ಸರಿ ಇದೆ, ನೀರು ನಿಲ್ಲಲ್ಲ. ಎರಡಕ್ಕೂ ವ್ಯತ್ಯಾಸ ಗುರುತಿಸೋದು ಹೀಗೆ. ಮುಂದಿನ ಗೋಡೆ ಜೂನ್‌ನ ಮೊದಲ ಜೋರು ಮಳೆಗೇ ಒದ್ದೆಯಾಗಿ, ಹೊಳವಾದಾಗ ಸ್ವಲ್ಪ ಆರ್ತಿತ್ತು. ಹಿಂದಿನದು ಜುಲೈ ಕೊನೆಯವರೆಗೆ ಒಣಗಿದ್ದು, ಆಮೇಲೆ ತೇವ ಹತ್ತಿ, ಮಳೆ ನಿಂತರೂ ಡಿಸೆಂಬರ್‌ವರೆಗೆ ಬಿಡಲ್ಲ. ಅದು ಮೇಲಿನ ನೀರಲ್ಲ, ಹಿಂದಿನ ಧರೆಯೊಳಗಿಂದ ಬರೋ ಜಲ. ಅಂಗಳದ ವಾಟ ಎಷ್ಟು ತಿದ್ದಿದರೂ ಅದು ನಿಲ್ಲಲ್ಲ, ಪಂಚಾಂಗದ ತಳಕ್ಕಿಂತ ಆಳಕ್ಕೆ ಕಾಲುವೆ ತೆಗೆದು ದಾರಿ ತಪ್ಪಿಸಬೇಕು. ಈ ಬೇಸಿಗೆಗೆ ಭಾವ ಅದನ್ನೂ ತೆಗೆಸ್ತಿದ್ದಾರೆ. ಜೆಸಿಬಿಯವರು ಧರೆ ಬುಡಕ್ಕೇ ಹಾಕೋಣ ಅಂತಿದ್ದಾರೆ. ಬುಡ ಕೆರೆದರೆ ಆಗಸ್ಟ್‌ನಲ್ಲಿ ಧರೆಯೇ ಜರಿದು ಗೋಡೆ ಮೇಲೆ ಬರುತ್ತೆ. ಹಾಗಂತ ಗೋಡೆಗೆ ಒತ್ತಿ ತೆಗೆದರೆ ಪಂಚಾಂಗಕ್ಕೆ ಆಸರೆ ಹೋಗುತ್ತೆ. ಅಲ್ಲಿರೋದು ಒಟ್ಟು ಎಂಟು ಅಡಿ ಜಾಗ. ಮಧ್ಯದಲ್ಲಿ, ಕೈಯಲ್ಲೇ, ಆರು ಆರು ಅಡಿ ತೆಗೆದು ಜಲ್ಲಿ ತುಂಬುತ್ತಾ ಹೋಗಿ ಅಂದಿದೀನಿ. ಹೀಗೆ ಇಕ್ಕಟ್ಟಿನಲ್ಲಿ ತೆಗೆಸಿದವರು ಯಾರಾದರೂ ಇದ್ದರೆ ಎಷ್ಟು ಆಳಕ್ಕೆ ಹೋದಿರಿ, ಬದಿ ಜರೀತಾ ಅಂತ ಕೆಳಗೆ ಬರೀರಿ, ಕೆಲಸ ಮುಂದಿನ ವಾರ ಶುರು.