ಹಾಜರಿ ಹಾಕುವ ಶುಭೋದಯ

ಬೆಳಗ್ಗೆ ಐದೂವರೆಗೆ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಮೊದಲ ಸೂರ್ಯೋದಯ ಬಂದು ಬೀಳುತ್ತದೆ. ಸೋಮವಾರವಾದರೆ ಶಿವ, ಗುರುವಾರ ರಾಯರು, ಶುಕ್ರವಾರ ಲಕ್ಷ್ಮಿ, ಶನಿವಾರ ಆಂಜನೇಯ. ಜೊತೆಗೊಂದು ಗುಲಾಬಿ, ಒಂದು ಲೋಟ ಕಾಫಿ, ಒಂದು ನುಡಿಮುತ್ತು. ಏಳು ಗಂಟೆಯೊಳಗೆ ಹತ್ತು ಹನ್ನೆರಡು ಚಿತ್ರ ಸೇರಿರುತ್ತವೆ. ನಮ್ಮ ವಯಸ್ಸಿನವರು ಒಂದನ್ನೂ ನೋಡದೆ ಬೆರಳಿನಿಂದ ಸರಿಸಿಬಿಡುತ್ತೇವೆ.

ಇವು ಇಷ್ಟೊಂದು ಹಬ್ಬಲು ಮುಖ್ಯ ಕಾರಣ ಭಕ್ತಿಯಲ್ಲ, ಸುಲಭ. ಸಣ್ಣ ಪರದೆಯಲ್ಲಿ ಕನ್ನಡ ಟೈಪ್ ಮಾಡುವುದು ಅರವತ್ತು ದಾಟಿದ ದೊಡ್ಡಪ್ಪನಿಗೆ ಕಷ್ಟ. ಚಿತ್ರ ಕಳಿಸಲು ಅಕ್ಷರವೇ ಬೇಡ, ಎರಡು ಸಲ ಒತ್ತಿದರೆ ಸಾಕು. 2016ರ ನಂತರ ಡೇಟಾ ಅಗ್ಗವಾದಾಗ ಅದಕ್ಕೆ ಖರ್ಚೂ ಇಲ್ಲದಂತಾಯಿತು. ನಾಲ್ಕು ಗ್ರೂಪಿನಲ್ಲಿರುವ ಚಿಕ್ಕಮ್ಮನಿಗೆ ಒಂದು ಗ್ರೂಪಿನಲ್ಲಿ ಬಂದ ಚಿತ್ರವೇ ಉಳಿದ ಮೂರಕ್ಕೆ ಸರಕು. ಒಬ್ಬರು ಹಾಕಿದ ಮೇಲೆ ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು ಇನ್ನೊಬ್ಬರು ಹಾಕುತ್ತಾರೆ.

ಇದಕ್ಕಿಂತ ಆಳದ ಕಾರಣ ಇನ್ನೊಂದಿದೆ. ಆ ಚಿತ್ರ ಒಂದು ಹಾಜರಿ. ‘ಎದ್ದಿದ್ದೇನೆ, ಚೆನ್ನಾಗಿದ್ದೇನೆ, ನಿಮ್ಮನ್ನು ಮರೆತಿಲ್ಲ’ ಎಂಬುದನ್ನು ಹೇಳುವ ರೀತಿ ಅದು. ಮಕ್ಕಳು ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಊರಲ್ಲಿ ಇಬ್ಬರೇ ಉಳಿದವರಿಗೆ ಇದು ದಿನದ ಮೊದಲ ಮಾತು. ಎರಡು ದಿನ ದೊಡ್ಡಪ್ಪನ ಆಂಜನೇಯ ಕಾಣದಿದ್ದರೆ ಯಾರಾದರೂ ಫೋನ್ ಮಾಡಿ ‘ಹುಷಾರಾಗಿದ್ದೀರಾ?’ ಎಂದು ಕೇಳಿಯೇ ಕೇಳುತ್ತಾರೆ.

ಹಾಗಾದರೆ ಬೇಸರ ಏಕೆ? ಒಂದು ಲೆಕ್ಕ ಹಾಕೋಣ. ಒಂದು ಚಿತ್ರ ಸುಮಾರು 150 ಕೆಬಿ ಎಂದಿಟ್ಟುಕೊಳ್ಳಿ. ದಿನಕ್ಕೆ 12 ಬಂದರೆ 1.8 ಎಂಬಿ, ತಿಂಗಳಿಗೆ 54 ಎಂಬಿ. ಇಂಥ ನಾಲ್ಕು ಗ್ರೂಪ್ ಇದ್ದರೆ ವರ್ಷಕ್ಕೆ ಎರಡೂವರೆ ಜಿಬಿ ದಾಟುತ್ತದೆ. ಹೂ ಅರಳುವ ವಿಡಿಯೊಗಳ ಲೆಕ್ಕ ಬೇರೆ. 32 ಜಿಬಿಯ ಹಳೆಯ ಫೋನಿನಲ್ಲಿ ಅರ್ಧ ಜಾಗ ಮೊದಲೇ ತುಂಬಿರುವಾಗ ಇದು ಸಣ್ಣದಲ್ಲ. ಪರೀಕ್ಷೆಯ ಹಿಂದಿನ ದಿನ ಹಾಲ್ ಟಿಕೆಟ್ ಇಳಿಸಿಕೊಳ್ಳಲು ಹೋದಾಗ ಜಾಗವಿಲ್ಲ ಎಂದು ಫೋನ್ ಹೇಳಿದರೆ ಅದರ ಬಿಸಿ ಗೊತ್ತಾಗುತ್ತದೆ. ಭಾರತದಲ್ಲಿ ಫೋನುಗಳು ತುಂಬಿಹೋಗಲು ಶುಭೋದಯದ ಚಿತ್ರಗಳೂ ಕಾರಣವೆಂದು ಗೂಗಲ್ ಗುರುತಿಸಿದ್ದನ್ನು 2018ರ ಜನವರಿಯಲ್ಲೇ ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿತ್ತು.

ಜಾಗಕ್ಕಿಂತ ಹೆಚ್ಚು ಕಾಡುವುದು ಗಮನದ ನಷ್ಟ. ಹನ್ನೆರಡು ಚಿತ್ರಗಳ ನಡುವೆ ‘ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದೇವೆ’ ಎಂಬ ಒಂದು ಸಾಲು ಬಂದಿರುತ್ತದೆ. ಸರಿಸುವ ಬೆರಳು ಅದನ್ನೂ ಸರಿಸಿಬಿಡುತ್ತದೆ. ರಾತ್ರಿ ಪಾಳಿ ಮುಗಿಸಿ ಮಲಗಿದವನಿಗೆ ಐದೂವರೆಯ ಟಿಂಗ್ ಶುಭವಲ್ಲ. ಕೆಲಸ ಹುಡುಕುತ್ತಿರುವವನಿಗೆ ಪ್ರತಿ ಟಿಂಗ್ ಕೂಡ ಸಂದರ್ಶನದ ಕರೆಯೇ ಇರಬಹುದೆಂಬ ಆಸೆ, ತೆರೆದರೆ ಗುಲಾಬಿ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲರಿಗೂ ಕಳಿಸಿದ ಚಿತ್ರ ನನಗೇ ಎಂದು ಕಳಿಸಿದ್ದಲ್ಲ. ‘ನಿನ್ನ ರಿಸಲ್ಟ್ ಏನಾಯ್ತಪ್ಪ?’ ಎಂದು ಯಾರೂ ಕೇಳದ ದಿನ, ಯಶಸ್ಸಿನ ಕುರಿತ ನುಡಿಮುತ್ತು ಚುಚ್ಚುತ್ತದೆ.

ಹಾಗೆಂದು ಗ್ರೂಪ್ ಬಿಟ್ಟರೆ ಹಬ್ಬಕ್ಕೆ ಊರಿಗೆ ಹೋದಾಗ ಉತ್ತರ ಕೊಡಬೇಕಾಗುತ್ತದೆ. ‘ಇದೆಲ್ಲ ಕಳಿಸಬೇಡಿ’ ಎಂದು ಹಿರಿಯರಿಗೆ ಹೇಳಿದರೆ ಅವರು ಮಾತನ್ನೇ ನಿಲ್ಲಿಸಿಬಿಡಬಹುದು. ಬದಲಾಯಿಸಬೇಕಾದ್ದು ನಮ್ಮ ಫೋನಿನಲ್ಲೇ ಇದೆ. ಹಲವರು Media visibility ಆಫ್ ಮಾಡಿ ಜಾಗ ಉಳಿಯಿತು ಎಂದುಕೊಳ್ಳುತ್ತಾರೆ. ಅದರಿಂದ ಚಿತ್ರ ಗ್ಯಾಲರಿಯಲ್ಲಿ ಕಾಣುವುದಿಲ್ಲ ಅಷ್ಟೆ, ಫೋನಿಗೆ ಇಳಿಯುತ್ತಲೇ ಇರುತ್ತದೆ. ನಿಲ್ಲಿಸಬೇಕಾದ್ದು Storage and data ಒಳಗಿನ Media auto-download. ಆಗ ನಾವು ಒತ್ತಿದ ಚಿತ್ರ ಮಾತ್ರ ಇಳಿಯುತ್ತದೆ. ಅಲ್ಲೇ ಇರುವ Manage storage ತೆರೆದರೆ ಯಾವ ಗ್ರೂಪ್ ಎಷ್ಟು ಜಾಗ ತಿಂದಿದೆ ಎಂಬುದು ಸಾಲಾಗಿ ಕಾಣುತ್ತದೆ. ಒಟ್ಟಿಗೆ ಆರಿಸಿ ಅಳಿಸಬಹುದು. ಗ್ರೂಪನ್ನು ಮ್ಯೂಟ್ ಮಾಡಿದರೆ ನಿದ್ದೆಯೂ ಉಳಿಯುತ್ತದೆ. ತುರ್ತು ಸುದ್ದಿಗೆ ಮಾತ್ರವೆಂದು ಇನ್ನೊಂದು ಗ್ರೂಪ್ ಮಾಡಿ, ಅಲ್ಲಿ ಚಿತ್ರ ಬೇಡ ಎಂದು ಮೊದಲೇ ಹೇಳಿದರೆ ಯಾರಿಗೂ ನೋವಾಗುವುದಿಲ್ಲ.

ಇನ್ನು ಉಳಿಯುವುದು ಹಾಜರಿಯ ಪ್ರಶ್ನೆ. ಶಾಲೆಯಲ್ಲಿ ಹೆಸರು ಕೂಗಿದಾಗ ‘ಎಸ್ ಸಾರ್’ ಎಂದ ಮೇಲೆ ಪಾಠ ಶುರುವಾಗಬೇಕು. ಕುಟುಂಬದ ಗ್ರೂಪಿನಲ್ಲಿ ಹಾಜರಿ ಮುಗಿದ ಮೇಲೆ ಪಾಠವೇ ಇಲ್ಲದಿರುವುದರಿಂದ ನಮಗೆ ಆಕಳಿಕೆ ಬರುತ್ತಿದೆ. ದಿನಕ್ಕೆ ಹನ್ನೆರಡು ಗುಲಾಬಿಗೆ ಹನ್ನೆರಡು ಕೈಮುಗಿಯುವ ಗುರುತು ಹಾಕುವ ಬದಲು, ಭಾನುವಾರ ಒಬ್ಬರಿಗೆ ಫೋನ್ ಮಾಡಿ ‘ತೋಟಕ್ಕೆ ನೀರು ಬಂತಾ ದೊಡ್ಡಪ್ಪ?’ ಎಂದು ಕೇಳುವುದು ಮೇಲು. ಮರುದಿನವೂ ಅವರ ಶಿವ ಬರುತ್ತಾನೆ. ಆದರೆ ಆಗ ಅದು ಯಾರು ಕಳಿಸಿದ್ದೆಂದು ನೋಡಿ ಸರಿಸುತ್ತೇವೆ.